ಮೂರೂವರೆ ಪರ್ಸೆಂಟಿನ ಕಿಟಕಿ

2013ರ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಕೊಲ್ಲಿ ದೇಶಗಳಲ್ಲಿ, ಸಿಂಗಪುರದಲ್ಲಿ ನೆಲೆಸಿದ್ದ ಉಳ್ಳವರಾದ ಅನಿವಾಸಿ ಭಾರತೀಯರ ಬಳಿ ಬ್ಯಾಂಕಿನವರು ಒಂದು ವಿಚಿತ್ರ ಪ್ರಸ್ತಾಪ ಇಡುತ್ತಿದ್ದರು. ನೀವು ಒಂದು ಲಕ್ಷ ಡಾಲರ್ ತನ್ನಿ, ಮಿಕ್ಕ ಒಂಬತ್ತು ಲಕ್ಷವನ್ನು ನಾವೇ ಸಾಲ ಕೊಡುತ್ತೇವೆ. ಹತ್ತು ಲಕ್ಷವನ್ನೂ ಭಾರತದ ಬ್ಯಾಂಕಿನಲ್ಲಿ ಮೂರು ವರ್ಷಕ್ಕೆ ಠೇವಣಿ ಇಡೋಣ. ಠೇವಣಿ ಡಾಲರಿನಲ್ಲೇ ಇರುತ್ತದೆ, ಬಡ್ಡಿಯೂ ಡಾಲರಿನಲ್ಲೇ ಬರುತ್ತದೆ. ರೂಪಾಯಿ ಬಿದ್ದರೂ ಎದ್ದರೂ ನಿಮಗೆ ಸಂಬಂಧವಿಲ್ಲ.

ಉದಾಹರಣೆಗೆ ಠೇವಣಿಗೆ 4.75% ಬಡ್ಡಿ, ಸಾಲಕ್ಕೆ 3% ಬಡ್ಡಿ ಎಂದಿಟ್ಟುಕೊಳ್ಳಿ. ಹತ್ತು ಲಕ್ಷಕ್ಕೆ ವರ್ಷಕ್ಕೆ 47,500 ಡಾಲರ್ ಬಂತು. ಸಾಲದ ಬಡ್ಡಿ 27,000 ಹೋಯಿತು. ಕೈಯಲ್ಲಿ ಉಳಿದದ್ದು 20,500. ಸ್ವಂತ ಹಾಕಿದ್ದು ಒಂದೇ ಲಕ್ಷ, ಅಂದರೆ ವರ್ಷಕ್ಕೆ ಇಪ್ಪತ್ತು ಪರ್ಸೆಂಟಿಗೂ ಮೇಲೆ ಗಳಿಕೆ. ಅಮೆರಿಕದಲ್ಲೇ ಡಾಲರ್ ಠೇವಣಿಗೆ ಒಂದು ಪರ್ಸೆಂಟೂ ಹುಟ್ಟದ ಕಾಲ ಅದು. ರೂಪಾಯಿಯ ಅಪಾಯವನ್ನು ಹೊರದ ಡಾಲರಿಗೆ ಭಾರತದ ಬ್ಯಾಂಕು ಐದು ಪರ್ಸೆಂಟಿನ ಹತ್ತಿರ ಬಡ್ಡಿ ಕೊಡಲು ಹೇಗೆ ಸಾಧ್ಯವಾಯಿತು? ಯಾರೋ ಎಲ್ಲೋ ಒಂದು ಬೆಲೆಯನ್ನು ಇರಬೇಕಾದಲ್ಲಿ ಇಟ್ಟಿರಲಿಲ್ಲ. ಆ ಬೆಲೆಯೇ ಡಾಲರಿನ ಫಾರ್ವರ್ಡ್ ದರ.

ಫಾರ್ವರ್ಡ್ ಎಂದರೆ ಮುಂದಿನ ಒಂದು ದಿನ ಡಾಲರ್ ಕೊಳ್ಳಲು ಅಥವಾ ಮಾರಲು ಇಂದೇ ಗೊತ್ತುಪಡಿಸಿಕೊಳ್ಳುವ ದರ. ಇಂದಿನ ದರಕ್ಕೆ ಸ್ಪಾಟ್ ಎನ್ನುತ್ತಾರೆ. ಸ್ಪಾಟ್ 80 ರೂಪಾಯಿ ಇದ್ದು ಒಂದು ವರ್ಷದ ಫಾರ್ವರ್ಡ್ 81.52 ಇದ್ದರೆ, ವರ್ಷದ ಹೊತ್ತಿಗೆ ಡಾಲರ್ ಅಲ್ಲಿಗೆ ಏರುತ್ತದೆಂದು ಬ್ಯಾಂಕು ಅಂದಾಜು ಮಾಡಿದೆ ಎಂದು ಎಷ್ಟೋ ವ್ಯಾಪಾರಸ್ಥರು ಇಂದಿಗೂ ನಂಬಿದ್ದಾರೆ. ಬ್ಯಾಂಕಿನ ಡೀಲರ್ ಅಂಥ ಅಂದಾಜನ್ನೇ ಮಾಡಿರುವುದಿಲ್ಲ. ಡಾಲರ್ ಏರುತ್ತದೋ ಇಳಿಯುತ್ತದೋ ಎಂಬ ಯೋಚನೆಯೇ ಇಲ್ಲದೆ ಆತ ಆ ಸಂಖ್ಯೆಗೆ ಬಂದಿರುತ್ತಾನೆ.

ಹೇಗೆಂದು ನೋಡೋಣ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಅಮೆರಿಕದ ಗ್ರಾಹಕರಿಂದ ಒಂದು ವರ್ಷದ ನಂತರ 10.5 ಲಕ್ಷ ಡಾಲರ್ ಬರಬೇಕಿದೆ. ಆ ಡಾಲರನ್ನು ಈಗಲೇ ಒಂದು ದರಕ್ಕೆ ಮಾರಿಬಿಡಬೇಕೆಂದು ಕಂಪನಿ ಬ್ಯಾಂಕಿಗೆ ಹೋಗುತ್ತದೆ. ಬ್ಯಾಂಕು ಒಪ್ಪಿದರೆ ವರ್ಷದ ನಂತರ ಅದರ ಕೈಗೆ 10.5 ಲಕ್ಷ ಡಾಲರ್ ಬರುತ್ತದೆ, ಅಷ್ಟರಲ್ಲಿ ಡಾಲರ್ ಬಿದ್ದರೆ ನಷ್ಟ ಬ್ಯಾಂಕಿನದು. ಆ ನಷ್ಟ ತನಗೆ ಬೇಡವೆಂದು ಬ್ಯಾಂಕು ಇಂದೇ 5% ಬಡ್ಡಿಗೆ 10 ಲಕ್ಷ ಡಾಲರ್ ಸಾಲ ಎತ್ತುತ್ತದೆ. ಅದನ್ನು 80ರ ಸ್ಪಾಟ್ ದರಕ್ಕೆ ಮಾರಿ 8 ಕೋಟಿ ರೂಪಾಯಿ ಮಾಡಿಕೊಳ್ಳುತ್ತದೆ. ರೂಪಾಯಿಯನ್ನು 7% ಬಡ್ಡಿಗೆ ಹಾಕುತ್ತದೆ. ವರ್ಷ ಕಳೆದ ಮೇಲೆ ಡಾಲರ್ ಸಾಲ ಬಡ್ಡಿ ಸೇರಿ ಸರಿಯಾಗಿ 10.5 ಲಕ್ಷ ಆಗಿರುತ್ತದೆ, ಕಂಪನಿಯಿಂದ ಬಂದ ಡಾಲರಿನಿಂದ ಅದು ತೀರುತ್ತದೆ. ಇತ್ತ ರೂಪಾಯಿ 8.56 ಕೋಟಿಯಾಗಿರುತ್ತದೆ, ಅದು ಕಂಪನಿಗೆ ಸಲ್ಲುತ್ತದೆ. 8.56 ಕೋಟಿಯನ್ನು 10.5 ಲಕ್ಷದಿಂದ ಭಾಗಿಸಿದರೆ 81.52. ಸ್ಪಾಟ್ ದರವನ್ನು 1.07ರಿಂದ ಗುಣಿಸಿ 1.05ರಿಂದ ಭಾಗಿಸಿದರೂ ಇದೇ ಉತ್ತರ. ಇಷ್ಟೂ ಲೆಕ್ಕದಲ್ಲಿ ನಾಳೆಯ ರೂಪಾಯಿಯ ಬಗ್ಗೆ ಒಂದು ಮಾತೂ ಇಲ್ಲ. ಇರುವುದು ಎರಡು ಬಡ್ಡಿ ದರ, ಒಂದು ಸ್ಪಾಟ್ ದರ.

ಈ ಸಮತೋಲಕ್ಕೆ ಕವರ್ಡ್ ಇಂಟರೆಸ್ಟ್ ಪ್ಯಾರಿಟಿ ಎಂದು ಹೆಸರು. ರೂಪಾಯಿಯಲ್ಲಿ ಬಡ್ಡಿ ಎರಡು ಪರ್ಸೆಂಟ್ ಹೆಚ್ಚಿದ್ದರೆ ಡಾಲರ್ ಫಾರ್ವರ್ಡಿನಲ್ಲಿ ಹೆಚ್ಚುಕಡಿಮೆ ಎರಡು ಪರ್ಸೆಂಟ್ ದುಬಾರಿಯಾಗಿರುತ್ತದೆ. ಆ ಹೆಚ್ಚುವರಿಯೇ ಪ್ರೀಮಿಯಂ. ಇದನ್ನು ಮೊದಲಿಗೆ ಸ್ಪಷ್ಟವಾಗಿ ವಿವರಿಸಿದವರಲ್ಲಿ ಜಾನ್ ಮೇನಾರ್ಡ್ ಕೇನ್ಸ್ ಪ್ರಮುಖ, 1923ರಲ್ಲಿ. ಆತ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ ಗುಮಾಸ್ತಿಕೆ ಮಾಡಿದ್ದವನು, ಅವನ ಮೊದಲ ಪುಸ್ತಕವೇ ಭಾರತದ ರೂಪಾಯಿಯ ಬಗ್ಗೆ ಎಂಬುದನ್ನು ನಮ್ಮ ಅರ್ಥಶಾಸ್ತ್ರದ ಮೇಷ್ಟ್ರುಗಳು ಯಾಕೋ ಹೇಳುವುದೇ ಇಲ್ಲ.

ಬ್ಯಾಂಕುಗಳು ಒಂದೊಂದು ಫಾರ್ವರ್ಡಿಗೂ ಹೀಗೆ ಸಾಲ ಎತ್ತಿ ಠೇವಣಿ ಇಡುತ್ತ ಕೂರುವುದಿಲ್ಲ. ಇಂದು ಡಾಲರ್ ಕೊಟ್ಟು ರೂಪಾಯಿ ತೆಗೆದುಕೊಳ್ಳುವುದು, ಮುಂದೊಂದು ದಿನ ಗೊತ್ತುಮಾಡಿದ ದರಕ್ಕೆ ತಿರುಗಿಸಿಕೊಳ್ಳುವುದು, ಎರಡನ್ನೂ ಒಂದೇ ಒಪ್ಪಂದದಲ್ಲಿ ಮುಗಿಸುತ್ತವೆ. ಅದಕ್ಕೆ ಸ್ವಾಪ್ ಎನ್ನುತ್ತಾರೆ. ಹೆಸರು ಬೇರೆಯಾದರೂ ಒಳಗಿನ ಲೆಕ್ಕ ಇದೇ.

ಈಗ ಯಾರೋ ಒಬ್ಬರು ಫಾರ್ವರ್ಡನ್ನು 81.52ರ ಬದಲು 82.50ಕ್ಕೆ ಕೊಳ್ಳಲು ಸಿದ್ಧರಿದ್ದಾರೆ ಎನ್ನಿ. ಬಡ್ಡಿಗಳು, ಸ್ಪಾಟ್ ದರ ಎಲ್ಲ ಮೊದಲಿನವೇ. 8 ಕೋಟಿ ರೂಪಾಯಿ ಸಾಲ ಮಾಡಿ, 10 ಲಕ್ಷ ಡಾಲರ್ ಕೊಂಡು, 5% ಬಡ್ಡಿಗೆ ಇಟ್ಟು, ವರ್ಷದ ನಂತರ ಆಗುವ 10.5 ಲಕ್ಷವನ್ನು ಈಗಲೇ 82.50ಕ್ಕೆ ಮಾರಿಬಿಟ್ಟರೆ 8.6625 ಕೋಟಿ ಖಚಿತ. ಸಾಲ ತೀರಿಸಲು 8.56 ಕೋಟಿ ಸಾಕು. ನಡುವೆ 10.25 ಲಕ್ಷ ರೂಪಾಯಿ ಉಳಿಯಿತು. ಸ್ವಂತದ್ದು ಒಂದು ಕಾಸೂ ಹಾಕಿಲ್ಲ, ಡಾಲರ್ ಎತ್ತ ಹೋದರೂ ಚಿಂತೆಯಿಲ್ಲ. ಇದೇ ಆರ್ಬಿಟ್ರೇಜ್.

ಫಾರ್ವರ್ಡ್ ಅಗ್ಗವಾಗಿ 80.50ಕ್ಕೆ ಸಿಗುವಂತಿದ್ದರೆ ಇದೇ ಹಾದಿಯಲ್ಲಿ ಹಿಮ್ಮುಖವಾಗಿ ನಡೆಯಬೇಕು. 10 ಲಕ್ಷ ಡಾಲರ್ ಸಾಲ ಮಾಡಿ, ರೂಪಾಯಿಗೆ ಬದಲಿಸಿ, 7%ಗೆ ಇಟ್ಟರೆ 8.56 ಕೋಟಿ ಕೈಗೆ ಬರುತ್ತದೆ. ಸಾಲ ತೀರಿಸಲು ಬೇಕಾದ 10.5 ಲಕ್ಷ ಡಾಲರನ್ನು 80.50ಕ್ಕೆ ಕಾಯ್ದಿರಿಸಿದ್ದರೆ ಅದಕ್ಕೆ 8.4525 ಕೋಟಿ ಸಾಕು. ಈ ಸಲ ಉಳಿಕೆ 10.75 ಲಕ್ಷ. ಈ ಎರಡನೆಯ ಹಾದಿಯನ್ನು ನೆನಪಿನಲ್ಲಿಡಿ, 2013ರಲ್ಲಿ ನಡೆದದ್ದು ಇದೇ.

ಕಾಗದದ ಮೇಲೆ ಇಷ್ಟು ಸಲೀಸಾಗಿ ಕಾಣುವ ಲಾಭ ಮಾರುಕಟ್ಟೆಯಲ್ಲಿ ಅಷ್ಟು ಸುಲಭಕ್ಕೆ ದಕ್ಕುವುದಿಲ್ಲ. ಯಾರಿಗೂ ಸಾಲ ಕೊಳ್ಳುವ ಬಡ್ಡಿ, ಠೇವಣಿ ಇಡುವ ಬಡ್ಡಿ ಒಂದೇ ಇರುವುದಿಲ್ಲವಲ್ಲ. ರೂಪಾಯಿ ಸಾಲಕ್ಕೆ 7.25%, ಠೇವಣಿಗೆ 6.75%, ಡಾಲರ್ ಸಾಲಕ್ಕೆ 5.25%, ಠೇವಣಿಗೆ 4.75%, ಸ್ಪಾಟಿನಲ್ಲೂ ಕೊಳ್ಳುವಾಗ ಒಂದು ಪೈಸೆ ಹೆಚ್ಚು, ಮಾರುವಾಗ ಒಂದು ಪೈಸೆ ಕಡಿಮೆ ಎಂದಿಟ್ಟುಕೊಂಡು ಮತ್ತೆ ಗುಣಿಸಿದರೆ, ಫಾರ್ವರ್ಡ್ 81.13ರಿಂದ 81.92ರ ನಡುವೆ ಎಲ್ಲಿದ್ದರೂ ಯಾರಿಗೂ ಏನೂ ಗಿಟ್ಟುವುದಿಲ್ಲ. ಆರ್ಬಿಟ್ರೇಜ್ ಶುರುವಾಗುವುದು ಈ ಪಟ್ಟಿಯ ಹೊರಗೆ. ಹಾಗಾಗಿ ಒಂದು ದರ ತಪ್ಪಿದೆ ಎನ್ನುವ ಮೊದಲು ಯಾರ ಬಡ್ಡಿಯಿಂದ ಲೆಕ್ಕ ಹಾಕಿದಿರಿ ಎಂದು ಕೇಳಬೇಕಾಗುತ್ತದೆ. ದೊಡ್ಡ ಬ್ಯಾಂಕಿಗೆ ಈ ಪಟ್ಟಿ ಕೆಲವೇ ಪೈಸೆಗಳಷ್ಟು ಸಪೂರ. ನಮ್ಮ ನಿಮ್ಮಂಥವರಿಗೆ ರೂಪಾಯಿಗಟ್ಟಲೆ ಅಗಲ.

ಇನ್ನು 2013ಕ್ಕೆ ಬರೋಣ. ಆ ಮೇ ತಿಂಗಳಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ಅಧ್ಯಕ್ಷ ಬೆನ್ ಬರ್ನಾಂಕಿ, ಬಾಂಡ್ ಖರೀದಿಯನ್ನು ಕಡಿಮೆ ಮಾಡುವ ಸೂಚನೆ ಕೊಟ್ಟರು. ಅಗ್ಗದ ಡಾಲರಿನ ಕಾಲ ಮುಗಿಯಿತೆಂದು ಹೆದರಿ ಹೂಡಿಕೆದಾರರು ಭಾರತದಂಥ ದೇಶಗಳಿಂದ ಹಣ ಹಿಂತೆಗೆಯತೊಡಗಿದರು. ಮೇ ತಿಂಗಳ ಆರಂಭದಲ್ಲಿ 54ರ ಆಸುಪಾಸಿನಲ್ಲಿದ್ದ ಡಾಲರ್ ಆಗಸ್ಟ್ 28ರಂದು 68.85ಕ್ಕೆ ಮುಟ್ಟಿತು. ರೂಪಾಯಿಯನ್ನು ಹಿಡಿದು ನಿಲ್ಲಿಸಲು ರಿಸರ್ವ್ ಬ್ಯಾಂಕು ಜುಲೈನಲ್ಲೇ ತುರ್ತು ಸಾಲದ ದರವನ್ನು 10.25%ಗೆ ಏರಿಸಿತ್ತು. ರೂಪಾಯಿ ಬಡ್ಡಿ ಏರಿದರೆ ಪ್ರೀಮಿಯಂ ಏರಲೇಬೇಕು. ಮೂರು ವರ್ಷದ ಡಾಲರನ್ನು ಕಾಯ್ದಿರಿಸಲು ಮಾರುಕಟ್ಟೆಯಲ್ಲಿ ವರ್ಷಕ್ಕೆ ಸುಮಾರು 6ರಿಂದ 7% ತೆರಬೇಕಿತ್ತು.

ಇಲ್ಲೊಂದು ಬಿಕ್ಕಟ್ಟಿತ್ತು. ಅನಿವಾಸಿಗಳಿಂದ ಡಾಲರ್ ಠೇವಣಿ ತರಲು ಬ್ಯಾಂಕುಗಳಿಗೆ ಅಡ್ಡಿಯೇನಿರಲಿಲ್ಲ. ಎಫ್‌ಸಿಎನ್‌ಆರ್ (ಬಿ) ಎಂಬ ಖಾತೆ ಅದಕ್ಕೆಂದೇ ಇದೆ. ಡಾಲರಿನಲ್ಲಿ ಪಡೆದು ಡಾಲರಿನಲ್ಲೇ ಹಿಂದಿರುಗಿಸುವ ಠೇವಣಿ ಅದು. ಆದರೆ ಬ್ಯಾಂಕು ಆ ಡಾಲರನ್ನು ರೂಪಾಯಿ ಮಾಡಿ ಇಲ್ಲಿ ಸಾಲ ಕೊಡಬೇಕು, ಮೂರು ವರ್ಷದ ನಂತರ ಡಾಲರನ್ನೇ ವಾಪಸು ಕೊಡಬೇಕು. ಆ ಡಾಲರನ್ನು ಕಾಯ್ದಿರಿಸಲು 6.5%, ಠೇವಣಿದಾರರಿಗೆ ಕೊಡುವ ಬಡ್ಡಿ 4.75%, ಕೂಡಿದರೆ ಹನ್ನೊಂದು ಪರ್ಸೆಂಟಿಗೂ ಮೇಲಾಯಿತು. ಅದಕ್ಕಿಂತ ಅಗ್ಗವಾಗಿ ಊರಿನ ಠೇವಣಿಯೇ ಸಿಗುತ್ತದೆ. ಬಡ್ಡಿ ಸಮತೋಲ ತನ್ನ ಕೆಲಸ ಮಾಡುತ್ತಿತ್ತು, ಹಾಗಾಗಿಯೇ ಡಾಲರ್ ಬರುತ್ತಿರಲಿಲ್ಲ.

ಸೆಪ್ಟೆಂಬರ್ 4ರಂದು ಗವರ್ನರ್ ಆಗಿ ಅಧಿಕಾರ ವಹಿಸಿಕೊಂಡ ರಘುರಾಮ್ ರಾಜನ್ ಅಂದೇ ಒಂದು ಪ್ರಕಟಣೆ ಮಾಡಿದರು. ಮೂರು ವರ್ಷ ಅಥವಾ ಅದಕ್ಕೂ ಹೆಚ್ಚಿನ ಅವಧಿಗೆ ಹೊಸದಾಗಿ ತಂದ ಎಫ್‌ಸಿಎನ್‌ಆರ್ (ಬಿ) ಡಾಲರನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿಗೆ ಕೊಟ್ಟು ರೂಪಾಯಿ ಪಡೆಯಬಹುದು. ಅವಧಿ ಮುಗಿದಾಗ ವರ್ಷಕ್ಕೆ 3.5%ರ ನಿಗದಿತ ಪ್ರೀಮಿಯಂ ಸೇರಿಸಿದ ದರದಲ್ಲಿ ಡಾಲರ್ ವಾಪಸು ಪಡೆಯಬಹುದು. ಕಿಟಕಿ ತೆರೆದಿರುವುದು ನವೆಂಬರ್ 30ರವರೆಗೆ ಮಾತ್ರ.

ಒಂದು ಡಾಲರಿನ ಅಸಲನ್ನಷ್ಟೇ ಹಿಡಿದು ಲೆಕ್ಕ ಹಾಕೋಣ. ಆ ದಿನಗಳ ಸ್ಪಾಟ್ 63 ಎನ್ನಿ. ಮಾರುಕಟ್ಟೆಯ 6.5%ರಂತೆ ಮೂರು ವರ್ಷದ ಚಕ್ರಬಡ್ಡಿ ಹಾಕಿದರೆ ಫಾರ್ವರ್ಡ್ 76.10. ರಿಸರ್ವ್ ಬ್ಯಾಂಕಿನ 3.5%ರಂತೆ 69.85. ಡಾಲರಿಗೆ 6.25 ರೂಪಾಯಿ, ಹತ್ತು ಲಕ್ಷ ಡಾಲರಿಗೆ 62.5 ಲಕ್ಷ ರೂಪಾಯಿ ವ್ಯತ್ಯಾಸ. ಸಮತೋಲಕ್ಕಿಂತ ಅಗ್ಗದ ಫಾರ್ವರ್ಡನ್ನು ದೇಶದ ಕೇಂದ್ರ ಬ್ಯಾಂಕೇ ಬಹಿರಂಗವಾಗಿ ಮಾರಲು ನಿಂತಿತ್ತು. ಬ್ಯಾಂಕಿಗೆ ರೂಪಾಯಿ ಈಗ 4.75 ಜೊತೆಗೆ 3.5, ಅಂದರೆ ಎಂಟೂಕಾಲು ಪರ್ಸೆಂಟಿನ ಸುಮಾರಿಗೆ ಸಿಕ್ಕಿತು. ಈ ಠೇವಣಿಗೆ ಸಿಆರ್‌ಆರ್, ಎಸ್‌ಎಲ್‌ಆರ್ ಇಡುವ ಕಟ್ಟಳೆಯಿಂದಲೂ ಆಗಸ್ಟಿನಲ್ಲೇ ವಿನಾಯಿತಿ ಸಿಕ್ಕಿತ್ತು. ಅಗ್ಗದ ಫಾರ್ವರ್ಡಿನ ಲಾಭದಲ್ಲಿ ಒಂದು ಪಾಲನ್ನು ಬ್ಯಾಂಕು ಇಟ್ಟುಕೊಂಡಿತು, ಒಂದು ಪಾಲು ಹೆಚ್ಚಿನ ಬಡ್ಡಿಯ ರೂಪದಲ್ಲಿ ಠೇವಣಿದಾರರಿಗೆ ಹೋಯಿತು. ಒಂದಕ್ಕೆ ಒಂಬತ್ತು ಸಾಲ ಕೊಟ್ಟ ವಿದೇಶಿ ಬ್ಯಾಂಕೂ ತನ್ನ ಪಾಲು ತೆಗೆದುಕೊಂಡಿತು.

ಇಷ್ಟು ದೊಡ್ಡ ಸಂದು ಇದ್ದರೂ ಜಗತ್ತಿನ ಹಣವೆಲ್ಲ ನುಗ್ಗಿ ಅದನ್ನು ಮೊದಲ ವಾರದಲ್ಲೇ ಮುಚ್ಚಲಿಲ್ಲವೇಕೆ? ಬಾಗಿಲಿನ ಅಗಲವನ್ನು ನಿಯಮ ಗೊತ್ತುಮಾಡಿತ್ತು. ನ್ಯೂಯಾರ್ಕಿನ ಹೆಡ್ಜ್ ಫಂಡ್ ಬಂದು ಎಫ್‌ಸಿಎನ್‌ಆರ್ ಖಾತೆ ತೆರೆಯುವಂತಿಲ್ಲ; ಅದು ಅನಿವಾಸಿ ಭಾರತೀಯರಿಗೆ, ಭಾರತೀಯ ಮೂಲದವರಿಗೆ ಮಾತ್ರ. ಬ್ಯಾಂಕುಗಳು ವಿದೇಶದಲ್ಲಿ ತಾವೇ ಸಾಲ ಎತ್ತುವುದಕ್ಕೂ ಮಿತಿಯಿತ್ತು, ಅದನ್ನು ಅದೇ ದಿನ ಹಿಗ್ಗಿಸಿ ಅದಕ್ಕೂ ಒಂದು ರಿಯಾಯಿತಿ ಸ್ವಾಪ್ ಕೊಟ್ಟರು. ಇನ್ನೊಂದು ಕಾರಣವೂ ಇದೆ. ಸಾಮಾನ್ಯವಾಗಿ ಆರ್ಬಿಟ್ರೇಜು ಮಾಡುವವರು ಹೆಚ್ಚಿದಂತೆ ಬೆಲೆ ಸರಿಯುತ್ತ ಹೋಗಿ ಸಂದು ತಾನಾಗಿ ಮುಚ್ಚಿಕೊಳ್ಳುತ್ತದೆ. ಇಲ್ಲಿ ಬೆಲೆ ಹೇಳುತ್ತಿದ್ದವರು ಎಷ್ಟು ಜನ ಬಂದರೂ ಅದೇ 3.5%ಗೆ ಕೊಡುತ್ತೇವೆಂದು ಮಾತು ಕೊಟ್ಟಿದ್ದರು. ನವೆಂಬರ್ ಮುಗಿಯುವ ಹೊತ್ತಿಗೆ ಠೇವಣಿಯ ಲೆಕ್ಕದಲ್ಲೇ ಸುಮಾರು 26 ಬಿಲಿಯನ್, ಬ್ಯಾಂಕುಗಳ ವಿದೇಶಿ ಸಾಲವೂ ಸೇರಿ ಸುಮಾರು 34 ಬಿಲಿಯನ್ ಡಾಲರ್ ಬಂತು. ರೂಪಾಯಿ ಚೇತರಿಸಿಕೊಂಡಿತು. ಅದರ ಶ್ರೇಯಸ್ಸನ್ನೆಲ್ಲ ಈ ಕಿಟಕಿಗೇ ಕೊಡುವುದು ಸರಿಯಲ್ಲ; ಚಿನ್ನದ ಆಮದು ಸುಂಕ 10%ಗೆ ಏರಿತ್ತು, ಸೆಪ್ಟೆಂಬರ್ 18ರಂದು ಫೆಡರಲ್ ರಿಸರ್ವ್ ತಾನೇ ಹೇಳಿದ್ದ ಕಡಿತವನ್ನು ಮುಂದೂಡಿತ್ತು.

ಹಾಗಾದರೆ ಈ ಲಾಭವನ್ನೆಲ್ಲ ತೆತ್ತವರು ಯಾರು? ರಿಸರ್ವ್ ಬ್ಯಾಂಕು ಎಂದರೆ ತಪ್ಪಲ್ಲ. ಆದರೆ 2016ರಲ್ಲಿ ಠೇವಣಿಗಳ ಅವಧಿ ಮುಗಿದಾಗ ಕಂಡ ಚಿತ್ರ ಸ್ವಾರಸ್ಯಕರ. ಆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಡಾಲರ್ 66-67ರ ಸುತ್ತ ಇತ್ತು. ನಮ್ಮ ಲೆಕ್ಕದ ಬ್ಯಾಂಕು ರಿಸರ್ವ್ ಬ್ಯಾಂಕಿಗೆ ಒಂದು ಡಾಲರಿಗೆ ಕೊಡುತ್ತಿದ್ದದ್ದು 69.85. ಮಾರುಕಟ್ಟೆಗಿಂತ ದುಬಾರಿಗೆ ಡಾಲರ್ ಮಾರಿ ರಿಸರ್ವ್ ಬ್ಯಾಂಕೇ ಲಾಭ ಮಾಡಿಕೊಂಡಂತೆ ಮೇಲ್ನೋಟಕ್ಕೆ ಕಾಣುತ್ತದೆ. ಅದು ಅರ್ಧ ಲೆಕ್ಕ. ಆ ಮೂರು ವರ್ಷ ರೂಪಾಯಿ ಹೊರಗೆ ಗಳಿಸಿದ ಬಡ್ಡಿ, ರಿಸರ್ವ್ ಬ್ಯಾಂಕಿನ ಡಾಲರ್ ಅಮೆರಿಕದಲ್ಲಿ ಗಳಿಸಿದ ಅಲ್ಪ ಬಡ್ಡಿ, ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ರಿಯಾಯಿತಿ ಎಷ್ಟಿತ್ತೆಂದು ತಿಳಿಯುವುದು. ಮಾರುಕಟ್ಟೆಯ 76.10ನ್ನು ಭವಿಷ್ಯವೆಂದು ಓದಿ ಡಾಲರ್ ಅಲ್ಲಿಗೆ ಹೋಗುತ್ತದೆಂದು ಕಾದವರಂತೂ ಒಂಬತ್ತು ರೂಪಾಯಿ ದೂರ ಉಳಿದರು.

ಮೂರೂವರೆ ಪರ್ಸೆಂಟ್ ಬೇಕೆಂದೇ ಇಟ್ಟ ಬೆಲೆ. ಯಾರೂ ಬೇಕೆಂದು ಇಡದಿದ್ದರೂ ಸಮತೋಲ ತಪ್ಪುವುದುಂಟು. 2008ಕ್ಕೂ ಮುಂಚೆ ದೊಡ್ಡ ಕರೆನ್ಸಿಗಳಲ್ಲಿ ಈ ನಿಯಮ ಎಷ್ಟು ಕರಾರುವಾಕ್ಕಾಗಿತ್ತೆಂದರೆ ಪಠ್ಯಪುಸ್ತಕಗಳು ಅದನ್ನು ಹೆಚ್ಚುಕಡಿಮೆ ಭೌತನಿಯಮದಂತೆ ಕಲಿಸುತ್ತಿದ್ದವು. ಆ ವರ್ಷದ ಬಿಕ್ಕಟ್ಟಿನಲ್ಲಿ ಅದು ಮುರಿಯಿತು, ಅಚ್ಚರಿಯೆಂದರೆ ಬಿಕ್ಕಟ್ಟು ಮುಗಿದ ಮೇಲೂ ಪೂರ್ತಿ ಕೂಡಿಕೊಳ್ಳಲಿಲ್ಲ. ಜಪಾನಿನ ವಿಮಾ ಕಂಪನಿಗಳು ಊರಿನಲ್ಲಿ ಬಡ್ಡಿಯಿಲ್ಲದೆ ಅಮೆರಿಕದ ಬಾಂಡು ಕೊಳ್ಳುತ್ತಿದ್ದವು. ಅದಕ್ಕೆ ಬೇಕಾದ ಡಾಲರನ್ನು ಯೆನ್ ಕೊಟ್ಟು ಸ್ವಾಪಿನಲ್ಲಿ ಪಡೆಯುತ್ತಿದ್ದವು. ಹಾಗೆ ಪಡೆಯಲು ಅವು ಡಾಲರ್ ಬಡ್ಡಿಯ ಮೇಲೆ ಇನ್ನಷ್ಟು ತೆರಬೇಕಾಗಿ ಬಂದಿತ್ತು. 2016ರ ಕೊನೆಯ ಹೊತ್ತಿಗೆ ಈ ಹೆಚ್ಚುವರಿ ಅರ್ಧ ಪರ್ಸೆಂಟನ್ನೂ ಮೀರಿತ್ತು. ಡಾಲರ್ ಇದ್ದ ಬ್ಯಾಂಕುಗಳಿಗೆ ಅದು ಬಿಟ್ಟಿ ಹಣದಂತೆ ಕಾಣಬೇಕಿತ್ತು.

ಯಾಕೆ ಕಾಣಲಿಲ್ಲವೆಂಬುದಕ್ಕೆ ವೆನ್‌ಶಿನ್ ಡು, ಅಲೆಕ್ಸಾಂಡರ್ ಟೆಪ್ಪರ್, ಏಡ್ರಿಯನ್ ವರ್ಡೆಲಾನ್ 2018ರಲ್ಲಿ ಪ್ರಕಟಿಸಿದ ಸಂಶೋಧನೆ ಒಳ್ಳೆಯ ಸುಳಿವು ಕೊಡುತ್ತದೆ. ಹೊಸ ನಿಯಮಗಳ ಪ್ರಕಾರ ಬ್ಯಾಂಕು ತನ್ನ ಒಟ್ಟು ಆಸ್ತಿಯ ಕನಿಷ್ಠ 3%ರಷ್ಟಾದರೂ ಸ್ವಂತ ಬಂಡವಾಳ ಇಟ್ಟಿರಬೇಕು, ಆ ಆಸ್ತಿ ಎಷ್ಟೇ ಸುರಕ್ಷಿತವಾಗಿರಲಿ. ನೂರು ಡಾಲರಿನ ಅಪಾಯವಿಲ್ಲದ ಆರ್ಬಿಟ್ರೇಜಿಗೂ ಮೂರು ಡಾಲರ್ ಬಂಡವಾಳ ಹೊಂದಿಸಬೇಕು. ಷೇರುದಾರರು ಅದರ ಮೇಲೆ 10% ಕೇಳಿದರೆ, ಸಂದು 0.3% ಆಗುವವರೆಗೂ ಬ್ಯಾಂಕಿಗೆ ಕೈಯೆತ್ತಲೂ ಮನಸ್ಸಾಗುವುದಿಲ್ಲ. ಇದಕ್ಕೆ ಪುರಾವೆ ಕ್ಯಾಲೆಂಡರಿನಲ್ಲೇ ಸಿಗುತ್ತದೆ. ಕೆಲವು ದೇಶಗಳ ಬ್ಯಾಂಕುಗಳು ಈ ಲೆಕ್ಕ ಒಪ್ಪಿಸುವುದು ತ್ರೈಮಾಸಿಕದ ಕೊನೆಯ ದಿನಕ್ಕೆ. ಆ ದಿನವನ್ನು ದಾಟುವ ಒಂದು ವಾರದ ಸ್ವಾಪಿನಲ್ಲಿ ಸಂದು ಫಕ್ಕನೆ ಅಗಲವಾಗುತ್ತದೆ, ದಿನ ದಾಟಿತೆಂದರೆ ಮತ್ತೆ ಇಳಿಯುತ್ತದೆ. ಆ ಒಂದು ವಾರ ಬ್ಯಾಂಕಿಗೆ ತನ್ನ ಪುಸ್ತಕದಲ್ಲಿ ಜಾಗ ಬೇಕು, ಅದಕ್ಕೇ ಬಾಡಿಗೆ ಏರುತ್ತದೆ.

ನಮ್ಮಲ್ಲಿ ಫಾರ್ವರ್ಡ್ ದರ ಪರೀಕ್ಷಿಸಬೇಕೆನ್ನುವ ಸಣ್ಣ ರಫ್ತುದಾರರು ಇಷ್ಟೆಲ್ಲ ಆಳಕ್ಕೆ ಇಳಿಯಬೇಕಿಲ್ಲ. ಪ್ರೀಮಿಯಂ ಪೈಸೆಗಳಲ್ಲಿರುತ್ತದೆ. ಚಿಕ್ಕಮಗಳೂರಿನ ಕಾಫಿ ರಫ್ತುದಾರರಿಗೆ ಮೂರು ತಿಂಗಳ ನಂತರ ಬರುವ ಡಾಲರ್ ಮಾರಬೇಕಿದೆ. ಸ್ಪಾಟ್ 80, ಬಡ್ಡಿಗಳ ವ್ಯತ್ಯಾಸ ವರ್ಷಕ್ಕೆ 2% ಎಂದರೆ, 80ರ 2%ರಲ್ಲಿ ಕಾಲು ಭಾಗ, ಸುಮಾರು 40 ಪೈಸೆ ಸಿಗಬೇಕು. ಇಲ್ಲಿ ಎಫ್‌ಡಿ ಬಡ್ಡಿಯನ್ನೋ ಮನೆ ಸಾಲದ ಬಡ್ಡಿಯನ್ನೋ ಹಾಕಬಾರದು, ಎರಡೂ ದೇಶಗಳ ಮೂರು ತಿಂಗಳ ಟ್ರೆಷರಿ ಬಿಲ್ಲಿನ ಬಡ್ಡಿ ಹಾಕಿದರೆ ಅಂದಾಜಿಗೆ ಸಾಕು. ಅಂದಾಜಿಗೆ ಎಂದದ್ದು ಸುಮ್ಮನೆ ಅಲ್ಲ. ಆಮದುದಾರರ ಬೇಡಿಕೆ, ರಿಸರ್ವ್ ಬ್ಯಾಂಕಿನ ಸ್ವಾಪುಗಳು ನಮ್ಮ ಪ್ರೀಮಿಯಮ್ಮನ್ನು ಬಡ್ಡಿಯ ವ್ಯತ್ಯಾಸದಿಂದ ಆಚೀಚೆ ಎಳೆಯುತ್ತಿರುತ್ತವೆ. ಬಂಡವಾಳದ ಓಡಾಟಕ್ಕೆ ಕಡಿವಾಣ ಇರುವುದರಿಂದ ಅದು ಕೂಡಲೇ ಸರಿಹೋಗುವುದಿಲ್ಲ. ಮುಂಬೈನ ಡೀಲರುಗಳು ಫಾರ್ವರ್ಡ್ ಪ್ರೀಮಿಯಮ್ಮಿಗೆ ಡಾಲರ್ ಬಡ್ಡಿ ಕೂಡಿಸಿ ರೂಪಾಯಿ ಬಡ್ಡಿ ಎಷ್ಟೆಂದು ಹಿಂದುಮುಂದಾಗಿ ಓದುವುದೂ ಉಂಟು. ಮೈಫೋರ್ ಎಂದು ಪ್ರಕಟವಾಗುತ್ತಿದ್ದ ದರ ಹುಟ್ಟಿದ್ದು ಹೀಗೇ.

ಬ್ಯಾಂಕಿಂದ ಬಂದ ದರದಲ್ಲಿ 40ರ ಬದಲು 30 ಪೈಸೆ ಕಂಡರೆ, ಒಂದು ಲಕ್ಷ ಡಾಲರಿಗೆ 10,000 ರೂಪಾಯಿ ಕಡಿಮೆಯಾಯಿತು. ಆರ್ಬಿಟ್ರೇಜಿನಿಂದ ಅದನ್ನು ಹಿಡಿಯಲು ಆ ರಫ್ತುದಾರರಿಂದಾಗದು, ಟ್ರೆಷರಿ ಬಿಲ್ಲಿನ ದರಕ್ಕೆ ಅವರಿಗೆ ಯಾರೂ ಸಾಲ ಕೊಡುವುದಿಲ್ಲ. ಕಡಿಮೆಯಾದ ಹತ್ತು ಪೈಸೆಯಲ್ಲಿ ಬಹುಪಾಲು ಬ್ಯಾಂಕಿನ ಮಾರ್ಜಿನ್ ಆಗಿರುತ್ತದೆ. ಆದ್ದರಿಂದ ಒಟ್ಟು ದರ ಕೇಳುವ ಬದಲು ಸ್ಪಾಟ್ ಎಷ್ಟು, ಪ್ರೀಮಿಯಂ ಎಷ್ಟು, ಮಾರ್ಜಿನ್ ಎಷ್ಟು ಎಂದು ಮೂರನ್ನೂ ಬಿಡಿಬಿಡಿಯಾಗಿ ಕೇಳಬೇಕು. ಇನ್ನೊಂದು ಬ್ಯಾಂಕಿನಲ್ಲೂ ಅದೇ ನಿಮಿಷಕ್ಕೆ ಕೇಳಬೇಕು, ಯಾಕೆಂದರೆ ಹತ್ತು ನಿಮಿಷ ತಡವಾದರೆ ಸ್ಪಾಟೇ ಹತ್ತು ಪೈಸೆ ಸರಿದಿರುತ್ತದೆ.